ಐದನೇ ತರಗತಿ ವರ್ಕ್‌ಶೀಟ್: ಮಕ್ಕಳಿಗೆ ಬರೆಯುವ ಷರಾಗಳು
(ತೀರ್ಥಹಳ್ಳಿ ಭಾಗದ ಶಾಲೆಗಳ ಶಿಕ್ಷಕರ ಬಳಕೆಗೆ)

ಮೊದಲು ಸರಿಯಾದದ್ದನ್ನು ಗುರುತಿಸಿ, ಆಮೇಲೆ ತಪ್ಪು. ಬರೀ 'ಗುಡ್' ಬೇಡ, ಅದರಿಂದ ಮಗುವಿಗೆ ಏನೂ ತಿಳಿಯದು.

ಕಳೆಯುವಾಗ ದಶಕ ತೆಗೆದುಕೊಳ್ಳದಿದ್ದರೆ (402 − 178 = 376)
"ಸಾಲು ಚೆನ್ನಾಗಿ ಜೋಡಿಸಿದ್ದೀಯ. 2ರಿಂದ 8 ಕಳೆಯಲು ಆಗಲ್ಲ ಅಲ್ವಾ? ಪಕ್ಕದಲ್ಲಿ ಸೊನ್ನೆ ಇದೆ, ಹಾಗಾಗಿ ನೂರರ ಮನೆಯಿಂದ ತಾ. ಉತ್ತರಕ್ಕೆ 178 ಕೂಡಿಸಿ ನೋಡು, 402 ಬರಬೇಕು."
ಇದು ಅಜಾಗರೂಕತೆಯಲ್ಲ. ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುವ ಅಭ್ಯಾಸ. ಕಡ್ಡಿ ಕಟ್ಟು ಬಿಚ್ಚಿ ತೋರಿಸಿ.

3 ಕೆಜಿ 50 ಗ್ರಾಂ ಅಡಿಕೆಯನ್ನು 3.5 ಕೆಜಿ ಎಂದರೆ
"ಚುಕ್ಕಿ ಇಡುವ ಜಾಗ ಗೊತ್ತಿದೆ, ಭೇಷ್! 1 ಕೆಜಿಗೆ 1000 ಗ್ರಾಂ. ಹಾಗಾದರೆ 50 ಗ್ರಾಂಗೆ ಚುಕ್ಕಿಯ ನಂತರ ಮೂರು ಮನೆ ತುಂಬು: 3.050."

ಮಾನ ಬಿಟ್ಟರೆ
"ಲೆಕ್ಕ ಸರಿ. 12 ಏನು? ಲೀಟರಾ, ಮೀಟರಾ?"

ಅರ್ಕಾವತ್ತು ಬಿಟ್ಟರೆ (ತೀಥಹಳ್ಳಿ)
"ನಮ್ಮೂರ ಹೆಸರನ್ನು ಜೋರಾಗಿ ಹೇಳು. 'ರ್' ಕೇಳಿಸಿತಾ? ಅದನ್ನೂ ಬರೆ: ತೀರ್ಥಹಳ್ಳಿ."

'ಹಳ್ಳ' ಬದಲು 'ಅಳ್ಳ'
"ಒತ್ತಕ್ಷರ ಸರಿಯಾಗಿದೆ! ಬಾಯಿ ಮುಂದೆ ಕೈ ಹಿಡಿದು ಹೇಳು. ಉಸಿರು ತಾಗಿದರೆ ಹ."
ಮನೆಮಾತನ್ನು ತಪ್ಪು ಅನ್ನಬೇಡಿ.

ಖಾಲಿ ಬಿಟ್ಟರೆ
"ಗೊತ್ತಿರುವಷ್ಟು ಬರೆ, ಒಂದು ಸಾಲಾದರೂ ಸಾಕು. ನಾಳೆ ಇಬ್ಬರೂ ಕೂತು ಮುಂದುವರಿಸೋಣ."
ಮಳೆಗಾಲದಲ್ಲಿ ಶಾಲೆ ತಪ್ಪಿಸಿಕೊಂಡ ಮಗು ಇರಬಹುದು. ಮೊದಲು ಹಾಜರಿ ನೋಡಿ.