ಸಾಕುಪ್ರಾಣಿಗಳ ಬಗ್ಗೆ ಎಲ್ಲಾ ಮನೆಯವರಿಗೆ ಸೂಚನೆ

ಎಲ್ಲರಿಗೂ ನಮಸ್ಕಾರ.

ಕಳೆದ ಭಾನುವಾರ ಬಿ ಬ್ಲಾಕ್ ಲಿಫ್ಟ್‌ನಲ್ಲಿ ಯಾರದೋ ನಾಯಿ ಉಚ್ಚೆ ಹೊಯ್ದಿತ್ತು. ಒರೆಸುವ ಬದಲು ಮೇಲೊಂದು ಹಳೇ ಪೇಪರ್ ಮುಚ್ಚಿ ಹೋಗಿದ್ದರು. ಹಾಲು ತರಲು ಹೊರಟ ಹಿರಿಯರೊಬ್ಬರು ಅದರ ಮೇಲೆ ಕಾಲಿಟ್ಟು ಜಾರಿದರು. ಪುಣ್ಯಕ್ಕೆ ಕಂಬಿ ಸಿಕ್ಕಿತು.

ನಾಯಿ ಜೊತೆ ಹೊರಗೆ ಬರುವಾಗ ಪೇಪರ್, ಕವರ್ ಕೈಯಲ್ಲಿರಲಿ. ಕಕ್ಕ ಮಾಡಿದರೆ ಆಗಲೇ ಎತ್ತಿ, ಗೇಟ್ ಪಕ್ಕದ ಕೆಂಪು ಡಬ್ಬಕ್ಕೆ ಹಾಕಿ. ಹಸಿ ಕಸಕ್ಕೆ ಬೇಡ. ಉಚ್ಚೆಯಾದರೆ ಫಿನಾಯಿಲ್ ಹಾಕಿ ಒರೆಸಿ. ಬಕೆಟ್, ಮಾಪ್ ಸೆಕ್ಯುರಿಟಿ ರೂಮಿನಲ್ಲಿವೆ. ಹೌಸ್‌ಕೀಪಿಂಗ್‌ನವರನ್ನು ಕರೆಯಬೇಡಿ, ಅದು ನಿಮ್ಮ ಕೆಲಸ.

ಲಿಫ್ಟ್‌ನಲ್ಲಿ ಬೆಲ್ಟ್ ಗಿಡ್ಡ ಹಿಡಿಯಿರಿ. ಒಳಗಿರುವವರು ಹೆದರಿದರೆ ಒಂದು ನಿಮಿಷ ಕಾದು ಹೋಗಿ. ನಾಯಿಗಳಿಗೆ ಲಿಫ್ಟೇ ಬೇಡ ಎಂದು ಕೆಲವರು ಬರೆದುಕೊಟ್ಟಿದ್ದಾರೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿಯ ಪ್ರಕಾರ ಸಂಘ ಹಾಗೆ ತಡೆಯುವಂತಿಲ್ಲ.

ನಾಯಿ ಅಂದಮೇಲೆ ಬೊಗಳುತ್ತೆ, ಅಲ್ವಾ? ಆದರೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಾಲ್ಕನಿಯಲ್ಲಿ ಕಟ್ಟಬೇಡಿ. ಒಂಟಿಯಾಗಿ ಬಿಟ್ಟು ಆಫೀಸಿಗೆ ಹೋಗುವವರು ಪಕ್ಕದ ಮನೆಗೆ ಫೋನ್ ನಂಬರ್ ಕೊಟ್ಟಿರಿ.

ರೇಬೀಸ್ ಲಸಿಕೆ ಕಾರ್ಡಿನ ಪ್ರತಿಯನ್ನು ಈ ಶನಿವಾರದೊಳಗೆ ಆಫೀಸಿಗೆ ತಲುಪಿಸಿ.

ಕಾರ್ಯದರ್ಶಿ
ನಿವಾಸಿಗಳ ಸಂಘ