ಅಮ್ಮಾ, ಇದನ್ನು ನೀನೊಬ್ಬಳೇ ಓದು

ಅಕ್ಟೋಬರ್ 14

ಪ್ರೀತಿಯ ಅಮ್ಮ,

ನಾನು ಬಸುರಿ. ಇವತ್ತಿಗೆ ಒಂಬತ್ತು ವಾರ. ಸುತ್ತಿ ಬಳಸಿ ಹೇಳೋಣ ಅಂದುಕೊಂಡಿದ್ದೆ. ಆದರೆ ನೀನು ಯಾವ ಪತ್ರ ಬಂದರೂ ಮೊದಲು ಕೊನೆಯ ಸಾಲು ಓದುವವಳು. ಅದಕ್ಕೇ ಮೊದಲ ಸಾಲಲ್ಲೇ ಬರೆದುಬಿಟ್ಟೆ. ನಾನು ಚೆನ್ನಾಗಿದ್ದೇನೆ. ಮಗುವೂ ಚೆನ್ನಾಗಿದೆ ಅಂದಿದ್ದಾರೆ. ಈಗ ಬೇಕಾದರೆ ಸ್ವಲ್ಪ ಅತ್ತುಬಿಡು, ಆಮೇಲೆ ಮುಂದೆ ಓದು. ಓದುವುದು ಜಾಸ್ತಿ ಇದೆ.

ಫೋನಿನಲ್ಲಿ ಯಾಕೆ ಹೇಳಲಿಲ್ಲ ಅಂತ ಬೈಯಬೇಡ. ನೀನು ಫೋನ್ ಎತ್ತಿದ ಕೂಡಲೇ ಸ್ಪೀಕರ್ ಹಾಕುತ್ತೀಯ. ಅಪ್ಪ ಪಕ್ಕದಲ್ಲಿ ಕೂತು ಅಲ್ಲಿ ಚಳಿ ಎಷ್ಟು, ಇಲ್ಲಿ ಮಳೆ ಎಷ್ಟು ಅಂತ ಶುರು ಮಾಡುತ್ತಾರೆ. ನನಗೆ ಕೇಳಬೇಕಾದದ್ದೆಲ್ಲ ನಿನ್ನೊಬ್ಬಳ ಹತ್ತಿರ ಕೇಳುವಂಥದ್ದು. ಬರೆದರೆ ನೀನೂ ನಿಧಾನವಾಗಿ ನೆನಪು ಮಾಡಿಕೊಂಡು ಹೇಳಬಹುದು ಅಲ್ವಾ? ಅಪ್ಪನಿಗೆ ನೀನೇ ಹೇಳು. ರಾಘು ಇವತ್ತು ರಾತ್ರಿಯೇ ಅವರ ಅಮ್ಮನಿಗೂ ಹೇಳುತ್ತಿದ್ದಾನೆ. ಬೀಗರಿಗೆ ಮೊದಲು ಗೊತ್ತಾಯಿತು, ನಮಗೆ ಆಮೇಲೆ ಅನ್ನುವ ಮಾತು ಯಾವ ಕಡೆಯಿಂದಲೂ ಬರಬಾರದು ನೋಡು. ಉಳಿದವರಿಗೆ ಸದ್ಯಕ್ಕೆ ಬೇಡ. ಹನ್ನೆರಡು ವಾರ ದಾಟಲಿ.

ಲೆಕ್ಕ ಹೀಗೆ. ಕೊನೆಯ ಸಲ ಮುಟ್ಟಾದದ್ದು ಆಗಸ್ಟ್ 12. ಅಲ್ಲಿಂದ ನಲವತ್ತು ವಾರ ಎಣಿಸಿ ಮೇ 19 ಅಂತ ತಾರೀಖು ಕೊಟ್ಟಿದ್ದಾರೆ. ಅಂದರೆ ಮಗು ಹೊಟ್ಟೆಯಲ್ಲಿ ಇಲ್ಲದ ಮೊದಲ ಎರಡು ವಾರವನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ. ಅದು ನನಗೆ ಈಗಲೂ ಸ್ವಲ್ಪ ಮೋಸ ಅನ್ನಿಸುತ್ತದೆ. ನೀನು ತಿಂಗಳಲ್ಲಿ ಕೇಳುತ್ತೀಯ ಅಂತ ಗೊತ್ತು: ಎರಡು ತುಂಬಿ ಮೂರನೆಯದು ನಡೆಯುತ್ತಿದೆ.

ಕಳೆದ ವಾರ ಸ್ವಲ್ಪ ರಕ್ತ ಕಂಡಿತು. ಗಾಬರಿ ಬೇಡ, ಪೂರ್ತಿ ಓದು. ಒಂದೆರಡು ಹನಿ, ಕಂದು ಬಣ್ಣ, ಹೊಟ್ಟೆನೋವು ಏನೂ ಇರಲಿಲ್ಲ. ಫೋನ್ ಮಾಡಿದೆವು, ಮಾರನೆಯ ದಿನವೇ ಸ್ಕ್ಯಾನ್‌ಗೆ ಕರೆದರು. ಮೊದಮೊದಲ ವಾರಗಳಲ್ಲಿ ಹೀಗೆ ಎಷ್ಟೋ ಜನಕ್ಕೆ ಆಗುತ್ತದಂತೆ, ಆಮೇಲೆ ಎಲ್ಲ ಸರಿಯಾಗಿ ನಡೆಯುತ್ತದಂತೆ. ಸ್ಕ್ಯಾನ್ ಮಾಡುವ ಹುಡುಗಿ ಮೊದಲು ಪರದೆಯನ್ನು ತನ್ನ ಕಡೆಗೇ ತಿರುಗಿಸಿಕೊಂಡಿದ್ದಳು. ಒಂದು ಮಾತೂ ಇಲ್ಲ. ನಾನು ಅವಳ ಹುಬ್ಬನ್ನೇ ನೋಡುತ್ತಾ ಮಲಗಿದ್ದೆ. ರಾಘು ನನ್ನ ಕೈಬೆರಳು ಹಿಂಡುತ್ತಿದ್ದ, ಉಂಗುರ ಚುಚ್ಚುತ್ತಿತ್ತು, ಬಿಡು ಅನ್ನಲೂ ಬಾಯಿ ಬರಲಿಲ್ಲ. ಆಮೇಲೆ ಪರದೆ ನಮ್ಮ ಕಡೆ ತಿರುಗಿಸಿದಳು. ಒಂದೂವರೆ ಸೆಂಟಿಮೀಟರ್ ಉದ್ದದ ಬೂದು ಚುಕ್ಕೆ. ಅದರ ನಡುವೆ ಏನೋ ಪಟಪಟ ಮಿನುಗುತ್ತಿತ್ತು. ಶಬ್ದ ಇಲ್ಲ, ಬರೀ ಮಿನುಗು. ನಿಮಿಷಕ್ಕೆ 164 ಸಲ ಅಂತ ಬರೆದುಕೊಂಡಳು. ನನ್ನ ಎದೆ ಹಾಗೆ ಹೊಡೆದರೆ ಆಸ್ಪತ್ರೆಗೆ ಸೇರಿಸುತ್ತಾರೆ, ಆದರೆ ಈ ವಾರಗಳಲ್ಲಿ ಮಗುವಿಗೆ ಅದೇ ಸರಿಯಂತೆ. ಆಮೇಲೆ ರಕ್ತ ಮತ್ತೆ ಕಾಣಲಿಲ್ಲ.

ಈಗ ನನ್ನ ಪಾಡು ಕೇಳು. ವಾಂತಿ ಕಡಿಮೆ, ವಾಕರಿಕೆ ಜಾಸ್ತಿ. ಬೆಳಗಿನ ಹೊತ್ತು ಅನ್ನುತ್ತಾರೆ, ನನಗೆ ಇಡೀ ದಿನ. ಹಲ್ಲುಜ್ಜುವುದೇ ದೊಡ್ಡ ಯುದ್ಧ. ಬ್ರಷ್ ಹಿಂದಿನ ಹಲ್ಲಿಗೆ ತಾಗಿದರೆ ಸಾಕು, ಕರುಳು ಕಿತ್ತು ಬಾಯಿಗೆ ಬಂದ ಹಾಗೆ ಆಗುತ್ತದೆ. ಈಗ ಪೇಸ್ಟ್ ಬಿಟ್ಟು ಬರೀ ನೀರಲ್ಲಿ ಉಜ್ಜಿ, ಅರ್ಧ ಗಂಟೆ ಬಿಟ್ಟು ಪೇಸ್ಟ್ ಹಾಕುತ್ತೇನೆ. ಆಫೀಸಿನ ಲಿಫ್ಟಿನಲ್ಲಿ ಯಾರೋ ಸೆಂಟು ಹಾಕಿಕೊಂಡು ಹೋಗಿದ್ದರೆ ಅವರು ಇಳಿದು ಎಷ್ಟು ಹೊತ್ತಾಗಿದ್ದರೂ ನನಗೆ ಗೊತ್ತಾಗುತ್ತದೆ. ಹೊಟ್ಟೆ ಖಾಲಿ ಇದ್ದರೆ ಇನ್ನೂ ಕಷ್ಟ. ಅದಕ್ಕೆ ಗಂಟೆಗೊಂದು ಸಲ ಚೂರು ಚೂರು ತಿನ್ನುತ್ತಿದ್ದೇನೆ. ಸಂಜೆ ಏಳಕ್ಕೆ ಕಣ್ಣು ಎಳೆಯುತ್ತದೆ. ಮಲಗಿದರೆ ರಾತ್ರಿ ಎರಡು ಮೂರು ಸಲ ಬಾತ್‌ರೂಮಿಗೆ ಏಳಬೇಕು. ಮೊನ್ನೆ ಒಂದು ಡಬ್ಬಿಯ ಮುಚ್ಚಳ ಸಿಗಲಿಲ್ಲ ಅಂತ ಕೂತು ಅತ್ತೆ. ರಾಘು ಪಾಪ, ಎಲ್ಲ ಶೆಲ್ಫ್ ಖಾಲಿ ಮಾಡಿ ಹುಡುಕಿದ.

ಹದಿನಾಲ್ಕು, ಹದಿನಾರು ವಾರದ ಹೊತ್ತಿಗೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ ಅಂತಾರೆ. ನಿನಗೆ ಯಾವಾಗ ಕಡಿಮೆ ಆಯಿತು? ಆಯಿತಾ? ಅಥವಾ ಕೊನೆಯವರೆಗೂ ಇತ್ತಾ? ನಿಜ ಹೇಳು, ಸಮಾಧಾನ ಬೇಡ. ನೀರೂ ನಿಲ್ಲದೆ ಹೋದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಕೂಡಲೇ ಬರಬೇಕು ಅಂದಿದ್ದಾರೆ. ಅಷ್ಟೇನೂ ಇಲ್ಲ. ಫೋಲಿಕ್ ಆಸಿಡ್ ಮಾತ್ರೆ ದಿನಕ್ಕೆ 400 ಮೈಕ್ರೋಗ್ರಾಂ, ತಪ್ಪಿಸುತ್ತಿಲ್ಲ. ಕಾಫಿ ಬಿಟ್ಟಿಲ್ಲ, ಒಂದೇ ಲೋಟಕ್ಕೆ ಇಳಿಸಿದ್ದೇನೆ.

ಈಗ ಮುಖ್ಯ ವಿಷಯ. ಇಲ್ಲಿ ತೊಂದರೆ ಏನೂ ಇಲ್ಲದಿದ್ದರೆ ಡಾಕ್ಟರಿಗಿಂತ ಮಿಡ್‌ವೈಫೇ ಜಾಸ್ತಿ ನೋಡುವುದು. ಮೊದಲ ಭೇಟಿಯಲ್ಲಿ ಒಂದು ಗಂಟೆ ಕೂರಿಸಿ ಪ್ರಶ್ನೆ ಕೇಳಿದಳು. ನನ್ನ ಬಗ್ಗೆ ಕೇಳಿದ್ದಕ್ಕೆಲ್ಲ ಪಟಪಟ ಹೇಳಿದೆ. ಆಮೇಲೆ ನಿನ್ನ ಬಗ್ಗೆ ಶುರು ಮಾಡಿದಳು. ನಿಮ್ಮ ತಾಯಿಗೆ ಬಸುರಿನಲ್ಲಿ ಬಿಪಿ ಏರಿತ್ತಾ? ಸಕ್ಕರೆ ಕಾಣಿಸಿತ್ತಾ? ಹೆರಿಗೆ ಹೇಗೆ ಆಯಿತು? ಎಷ್ಟು ಸಲ ಬಸುರಿಯಾಗಿದ್ದರು? ಒಂದೊಂದಕ್ಕೂ ‘ಕೇಳಿ ಹೇಳುತ್ತೇನೆ’ ಅಂದೆ. ನಿನ್ನ ಚಪ್ಪಲಿ ಅಳತೆ ಗೊತ್ತು, ನಿನಗೆ ಯಾವ ಮಾತಿಗೆ ಸಿಟ್ಟು ಬರುತ್ತದೆ ಗೊತ್ತು. ನೀನು ನನ್ನ ವಯಸ್ಸಿನವಳಾಗಿ ಹೊಟ್ಟೆ ಹೊತ್ತುಕೊಂಡು ಓಡಾಡಿದ್ದು ಮಾತ್ರ ಏನೇನೂ ಗೊತ್ತಿಲ್ಲ.

ಬಿಪಿ ವಿಷಯಕ್ಕೆ ಮೊದಲು ಉತ್ತರ ಬೇಕು. ತಾಯಿಗೆ ಇದ್ದರೆ ಮಗಳಿಗೂ ಬರುವ ಸಾಧ್ಯತೆ ಜಾಸ್ತಿಯಂತೆ. ಜೊತೆಗೆ ನನಗೆ ಇದು ಚೊಚ್ಚಲು ಬೇರೆ. ಹಾಗೇನಾದರೂ ಇದ್ದರೆ ಹನ್ನೆರಡನೆಯ ವಾರದಿಂದ ಸಣ್ಣ ಡೋಸಿನ ಆಸ್ಪಿರಿನ್ ಶುರು ಮಾಡುವ ಬಗ್ಗೆ ನೋಡುತ್ತಾರೆ. ನನಗೆ ಹನ್ನೆರಡು ತುಂಬುವುದು ನವೆಂಬರ್ 4ಕ್ಕೆ. ಅಜ್ಜಿ ಹೇಳುತ್ತಿದ್ದ ಒಂದು ಮಾತು ನೆನಪಿದೆ: ನಿನ್ನ ಕಾಲು ಊದಿ ಚಪ್ಪಲಿ ಹಿಡಿಸದೆ, ಅಪ್ಪನ ಚಪ್ಪಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆಯಂತೆ. ಮನೆಯಲ್ಲಿ ಎಲ್ಲರೂ ಅದನ್ನು ಹೇಳಿ ನಗುತ್ತಿದ್ದರು. ಬರೀ ಕಾಲು ಊದುವುದು ಎಷ್ಟೋ ಜನಕ್ಕೆ ಇರುತ್ತದೆ. ಆದರೆ ನಾನು ಹುಟ್ಟಿದ್ದು ದಿನ ತುಂಬುವ ಮೊದಲೇ, ಆಪರೇಷನ್ ಮಾಡಿ, ಅದೂ ಎರಡು ಕೆಜಿ ಚಿಲ್ಲರೆ. ಯಾಕೆ ಅಷ್ಟು ಬೇಗ ತೆಗೆದರು ಅಮ್ಮ? ತಲೆನೋವು ಇತ್ತಾ? ಕಣ್ಣು ಮಂಜಾಗಿತ್ತಾ? ಮೂತ್ರದಲ್ಲಿ ಪ್ರೋಟೀನ್ ಇದೆ ಅಂತ ಏನಾದರೂ ಹೇಳಿದ್ದರಾ? ಆ ಕಾಲದ ಆಸ್ಪತ್ರೆ ಕಾಗದ ನಿನ್ನ ಕಬ್ಬಿಣದ ಪೆಟ್ಟಿಗೆಯಲ್ಲಿ ಇರಬಹುದು. ನೀನು ಕಾಗದ ಎಸೆಯುವವಳಲ್ಲ.

ಥೈರಾಯ್ಡ್ ಮಾತ್ರೆ ನೀನು ತೆಗೆದುಕೊಳ್ಳಲು ಶುರು ಮಾಡಿದ್ದು ನಾನು ಹುಟ್ಟುವ ಮೊದಲಾ, ಆಮೇಲಾ? ಬೆಳಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ನುಂಗುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಮೊದಲ ಮೂರು ತಿಂಗಳು ಮಗು ತಾಯಿಯ ಥೈರಾಯ್ಡನ್ನೇ ನಂಬಿಕೊಂಡಿರುತ್ತದಂತೆ, ಅದಕ್ಕೆ ನನ್ನ ರಕ್ತವನ್ನೂ ಪರೀಕ್ಷೆಗೆ ಕಳಿಸಿದ್ದಾರೆ.

ಇನ್ನೊಂದು ಪ್ರಶ್ನೆ ಇದೆ. ಬೇಡ ಅನ್ನಿಸಿದರೆ ಉತ್ತರ ಬರೆಯಬೇಡ, ನನಗೆ ಬೇಜಾರಿಲ್ಲ. ನನಗಿಂತ ಮುಂಚೆ ಒಂದು ಇತ್ತು, ಉಳಿಯಲಿಲ್ಲ ಅಂತ ದೊಡ್ಡಮ್ಮ ಯಾವಾಗಲೋ ಯಾರ ಹತ್ತಿರವೋ ಹೇಳುತ್ತಿದ್ದದ್ದು ಕಿವಿಗೆ ಬಿದ್ದಿತ್ತು. ನಿನ್ನನ್ನು ಕೇಳುವ ಧೈರ್ಯ ಆಗಿರಲಿಲ್ಲ. ರಕ್ತ ಕಂಡ ರಾತ್ರಿ ಅದೇ ತಲೆಯಲ್ಲಿ ತಿರುಗುತ್ತಿತ್ತು. ಮಾರನೆಯ ದಿನ ಮಿಡ್‌ವೈಫ್ ಹೇಳಿದಳು, ಮೊದಲ ಮೂರು ತಿಂಗಳಲ್ಲಿ ಹೋಗುವುದಕ್ಕೆ ಹೆಚ್ಚಿನ ಸಲ ಕಾರಣ ಭ್ರೂಣದ ಕ್ರೋಮೋಸೋಮಿನಲ್ಲೇ ಆದ ಏರುಪೇರು. ತಾಯಿ ಭಾರ ಎತ್ತಿದ್ದಕ್ಕೂ ಅಲ್ಲ, ಮೆಟ್ಟಿಲು ಹತ್ತಿದ್ದಕ್ಕೂ ಅಲ್ಲ. ಇದನ್ನು ಆಗ ನಿನಗೆ ಯಾರಾದರೂ ಹೇಳಿದ್ದರಾ? ಹೇಳಿರಲಿಕ್ಕಿಲ್ಲ ಅಂತ ನನ್ನ ಅನುಮಾನ. ಅದಕ್ಕೇ ಬರೆಯುತ್ತಿದ್ದೇನೆ.

ಇನ್ನು ಮುಂದಿನದು. ನವೆಂಬರ್ ಮೊದಲ ವಾರ ಇನ್ನೊಂದು ಸ್ಕ್ಯಾನ್. ಡಿಸೆಂಬರ್ ಕೊನೆಗೆ, ಇಪ್ಪತ್ತನೇ ವಾರಕ್ಕೆ ದೊಡ್ಡ ಸ್ಕ್ಯಾನ್, ಹೃದಯ, ಬೆನ್ನುಹುರಿ ಎಲ್ಲ ನೋಡುತ್ತಾರೆ. ಅದರ ಆಚೆ ಸಕ್ಕರೆ ಪರೀಕ್ಷೆ. ಯಾವ ವಾರ ಯಾವ ಪರೀಕ್ಷೆ ಅಂತ ಹಾಳೆಯಲ್ಲಿ ಅಚ್ಚು ಹಾಕಿ ಕೊಟ್ಟಿದ್ದಾರೆ. ಆ ಹಾಳೆಯಲ್ಲಿ ಇಲ್ಲದ್ದನ್ನು ನೀನು ಹೇಳಬೇಕು.

ಮಗು ಮೊದಲ ಸಲ ಅಲುಗಿದ್ದು ನಿನಗೆ ಹೇಗೆ ಗೊತ್ತಾಯಿತು? ಚೊಚ್ಚಲಲ್ಲಿ ಹದಿನೆಂಟು ಇಪ್ಪತ್ತು ವಾರ ಆಗಬಹುದು, ಮೊದಮೊದಲು ಗ್ಯಾಸ್ ಅಂತಲೇ ಅನ್ನಿಸುತ್ತದೆ ಅಂತಾರೆ. ನೋವು ಶುರುವಾದಾಗ ಸೊಂಟದಿಂದ ಬಂತಾ, ಹೊಟ್ಟೆಯಿಂದಾ? ಅಥವಾ ನಿನಗೆ ನೋವು ಬರುವವರೆಗೆ ಬಿಡಲೇ ಇಲ್ಲವಾ? ಆಪರೇಷನ್ ಆದ ಮೇಲೆ ಎದ್ದು ಕೂರಲು ಎಷ್ಟು ದಿನ ಹಿಡಿಯಿತು? ಎದೆಹಾಲು ಕೂಡಲೇ ಬಂತಾ? ನನ್ನನ್ನು ಮೊದಲ ಸಲ ಕೈಗೆ ಕೊಟ್ಟಾಗ ಪ್ರೀತಿ ಉಕ್ಕಿತಾ, ಅಥವಾ ಸುಸ್ತಾಗಿ ಯಾರಾದರೂ ಎತ್ತಿಕೊಳ್ಳಲಿ ಅನ್ನಿಸಿತಾ? ಎರಡನೆಯದು ಆಗಿದ್ದರೂ ಹೇಳು. ಇಲ್ಲಿ ಆಫೀಸಿನ ಒಬ್ಬಳು, ಮೊದಲ ಎರಡು ವಾರ ಸುಮ್ನೆ ಅಳುತ್ತಿದ್ದೆ, ಮಗು ನನ್ನದೇ ಅನ್ನಿಸುತ್ತಲೇ ಇರಲಿಲ್ಲ ಅಂದಳು. ಅದನ್ನು ಕೇಳಿದ ಮೇಲೆ ನನಗೆ ಹೆದರಿಕೆ ಕಡಿಮೆಯಾಯಿತು.

ನೀನು ಬರುತ್ತೀಯ ಅಲ್ವಾ? ಹೇಳಿದ ತಾರೀಖಿಗೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಅಷ್ಟೇ. ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಯಾವಾಗ ಬೇಕಾದರೂ ಆಗಬಹುದು. ಅದಕ್ಕೆ ಏಪ್ರಿಲ್ ಮಧ್ಯದಲ್ಲೇ ಬಂದುಬಿಡು. ಹೆರಿಗೆ ಕೋಣೆಯೊಳಗೆ ರಾಘು ಇರುತ್ತಾನೆ, ಅವನು ತಲೆ ತಿರುಗಿ ಬಿದ್ದರೆ ಹಿಡಿಯಲು ಯಾರಾದರೂ ಬೇಕು. ಬಾಣಂತನಕ್ಕೆ ಎರಡು ತಿಂಗಳಾದರೂ ಇರು. ನಿನಗೆ ಮೊಣಕಾಲು ನೋವು ಅಂತ ಗೊತ್ತು, ಕೆಲಸ ಮಾಡಿಸುವುದಿಲ್ಲ. ಮನೆಗೆಲಸಕ್ಕೆ ರಾಘು ರಜೆ ಹಾಕುತ್ತಾನೆ. ಮಗುವನ್ನು ಹೇಗೆ ಹಿಡಿಯಬೇಕು ಅಂತ ಪಕ್ಕದಲ್ಲಿ ಕೂತು ಹೇಳಿದರೆ ಸಾಕು. ವೀಸಾಗೆ ಸಮಯ ಹಿಡಿಯುತ್ತದೆ, ಪಾಸ್‌ಪೋರ್ಟ್ ಯಾವಾಗ ಮುಗಿಯುತ್ತದೆ ನೋಡಿ ಹೇಳು.

ಉತ್ತರ ಒಂದೇ ಸಲಕ್ಕೆ ಬರೆಯಬೇಕಾಗಿಲ್ಲ. ನೆನಪಾದಷ್ಟು ಬರೆದು ಕಳಿಸು. ಬರೆಯಲು ಬೇಜಾರಾದರೆ ಮಧ್ಯಾಹ್ನ ಅಪ್ಪ ಮಲಗಿದ ಮೇಲೆ ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿ ಕಳಿಸು. ಬಿಪಿಯದ್ದು ಮಾತ್ರ ಈ ವಾರವೇ ಬೇಕು. ಪೆಟ್ಟಿಗೆಯಲ್ಲಿ ಕಾಗದ ಸಿಕ್ಕರೆ ಫೋಟೊ ತೆಗೆದು ಹಾಕು, ಅಕ್ಷರ ಓದುವ ಹಾಗೆ, ಬೆಳಕಿನಲ್ಲಿಟ್ಟು.

ನಿನ್ನ ಮಗಳು,
ವಿದ್ಯಾ