ಸುತ್ತೋಲೆ: ಮದ್ಯ, ಮಾದಕ ವಸ್ತು ನಿಷೇಧ ಮತ್ತು ತಪಾಸಣೆಯ ಕ್ರಮ

ಬೈಕಂಪಾಡಿ ಯಾರ್ಡಿನ ಎಲ್ಲ ಡ್ರೈವರ್, ಕ್ಲೀನರ್, ಲೋಡಿಂಗ್ ಹಾಗೂ ಕಚೇರಿ ಸಿಬ್ಬಂದಿಯ ಗಮನಕ್ಕೆ.

ನವೆಂಬರ್ 1ರಿಂದ ಡ್ಯೂಟಿಯಲ್ಲಿರುವ ಯಾರ ಉಸಿರಿನಲ್ಲೂ ಮದ್ಯದ ಅಂಶ ಇರಕೂಡದು. ಗಾಡಿ ಓಡಿಸುವವರ 100 ಮಿ.ಲೀ. ರಕ್ತದಲ್ಲಿ ಮದ್ಯ 30 ಮಿ.ಗ್ರಾಂ. ಮೀರಿದರೆ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಡಿ ಅಪರಾಧ. ಮೊದಲ ಸಲವೇ 6 ತಿಂಗಳವರೆಗೆ ಜೈಲು ಅಥವಾ 10,000 ರೂ. ದಂಡ ಅಥವಾ ಎರಡೂ ಆಗಬಹುದು. ಲೋಡು ಹೊತ್ತು ಶಿರಾಡಿ ಘಾಟಿ ಇಳಿಯುವ ಗಾಡಿಗೆ ಆ 30 ಕೂಡ ಹೆಚ್ಚೇ. ಆದ್ದರಿಂದ ನಮ್ಮಲ್ಲಿ ಸೊನ್ನೆ. ಗಾಂಜಾ, ಭಂಗಿ, ವೈದ್ಯರ ಚೀಟಿಯಿಲ್ಲದ ನಿದ್ದೆ ಮಾತ್ರೆಗೂ ಇದೇ ನಿಯಮ. ಕ್ಯಾಬಿನ್ನಿನಲ್ಲಿ ಬಾಟಲಿ ಇಟ್ಟುಕೊಳ್ಳುವುದೂ ತಪ್ಪು.

ಹೆಚ್ಚಿನವರು ಎಡವುವುದು ಹಿಂದಿನ ರಾತ್ರಿಯ ಲೆಕ್ಕದಲ್ಲಿ. ದೇಹ ಗಂಟೆಗೆ ಸುಮಾರು 15 ಮಿ.ಗ್ರಾಂ. ಮಟ್ಟಿಗೆ ಮಾತ್ರ ಮದ್ಯ ಇಳಿಸುತ್ತದೆ. ರಾತ್ರಿ 12ಕ್ಕೆ 150 ಇದ್ದವರಿಗೆ ಬೆಳಿಗ್ಗೆ 5ರ ಟ್ರಿಪ್ಪಿಗೆ ಇನ್ನೂ 75 ಇರುತ್ತದೆ. ತಣ್ಣೀರು ಸ್ನಾನ, ಸ್ಟ್ರಾಂಗ್ ಕಾಫಿ, ಲಿಂಬೆ ಶರಬತ್ತು ಯಾವುದೂ ಅದನ್ನು ಬೇಗ ಇಳಿಸುವುದಿಲ್ಲ. ಕೀಲಿ ಪಡೆಯುವ ಮೊದಲೇ "ಇವತ್ತು ನನ್ನಿಂದಾಗದು" ಎಂದು ಸೂಪರ್‌ವೈಸರಿಗೆ ಹೇಳಿದವರ ಮೇಲೆ ಕ್ರಮವಿಲ್ಲ, ಆ ದಿನ ರಜೆ ಬರೆಯುತ್ತೇವೆ. ದಯವಿಟ್ಟು ಹೇಳಿ.

ಉಸಿರು ತಪಾಸಣೆ ಕೀಲಿ ಕೊಡುವ ಕಿಟಕಿಯ ಬಳಿ, ಪ್ರತಿ ಟ್ರಿಪ್ಪಿಗೂ ಮುನ್ನ. ಹೊಸ ಊದುನಳಿಗೆಯ ಪೊಟ್ಟಣವನ್ನು ನಿಮ್ಮೆದುರೇ ಬಿಚ್ಚುತ್ತಾರೆ. ದಶಮೂಲಾರಿಷ್ಟದಂಥ ಅರಿಷ್ಟ ಅಥವಾ ಮೌತ್‌ವಾಶ್ ಬಳಸಿದ್ದರೆ ಮೊದಲೇ ತಿಳಿಸಿ, ಬಾಯಲ್ಲಿ ಉಳಿದ ಅಂಶಕ್ಕೂ ಯಂತ್ರ ಸಂಖ್ಯೆ ತೋರಿಸೀತು. ಸೊನ್ನೆಗಿಂತ ಹೆಚ್ಚು ಬಂದರೆ ಬಾಯಿ ಮುಕ್ಕಳಿಸಿ 20 ನಿಮಿಷ ಕೂತು ಇನ್ನೊಮ್ಮೆ ಊದಬೇಕು. ಎರಡನೆಯ ಸಂಖ್ಯೆಯೇ ದಾಖಲಾಗುತ್ತದೆ, ಅದನ್ನು ನೋಡಿಯೇ ಸಹಿ ಮಾಡಿ.

ಮಾದಕ ವಸ್ತುವಿಗೆ ಮೂತ್ರ ಪರೀಕ್ಷೆ. ತಿಂಗಳಿಗೊಮ್ಮೆ ಚೀಟಿ ಎತ್ತಿ 10 ಮಂದಿಯನ್ನು ಆರಿಸುತ್ತೇವೆ. ಚೀಟಿ ಡಬ್ಬಿಯಲ್ಲಿ ಮ್ಯಾನೇಜರರ ಹೆಸರೂ ಇರುತ್ತದೆ. ಅಪಘಾತವಾದಾಗಲೂ ಪರೀಕ್ಷೆ ಉಂಟು. ಮಾದರಿಯನ್ನು ಎರಡು ಬಾಟಲಿಗೆ ಹಂಚಿ ಸೀಲ್ ಹಾಕುತ್ತಾರೆ, ಸೀಲಿನ ಮೇಲೆ ನಿಮ್ಮದೇ ಸಹಿ. ಕೊಡೀನ್ ಇರುವ ಕೆಮ್ಮಿನ ಸಿರಪ್ ಕುಡಿದವರಿಗೂ ಪಾಸಿಟಿವ್ ಬರಬಹುದು. ಹಾಗಾಗಿ ಸ್ಟ್ರಿಪ್ ಪರೀಕ್ಷೆಯೊಂದನ್ನೇ ನಂಬಿ ಯಾರ ಮೇಲೂ ಕ್ರಮ ಜರುಗಿಸುವುದಿಲ್ಲ. ಪ್ರಯೋಗಾಲಯದ ದೃಢೀಕರಣ ಬರಬೇಕು, ವೈದ್ಯರು ನಿಮ್ಮ ಔಷಧ ಚೀಟಿ ನೋಡಬೇಕು. ಫಲಿತಾಂಶ ಒಪ್ಪದಿದ್ದರೆ ಎರಡನೇ ಬಾಟಲಿಯನ್ನು ಬೇರೆ ಪ್ರಯೋಗಾಲಯಕ್ಕೆ ಕಳಿಸುತ್ತೇವೆ, ಖರ್ಚು ಕಂಪನಿಯದು.

ಉಸಿರು ತಪಾಸಣೆಯಲ್ಲಿ ಸಿಕ್ಕರೆ ಅಂದು ಗಾಡಿ ಇಲ್ಲ, ಮನೆಗೆ ಬಿಟ್ಟುಬರುತ್ತೇವೆ. ಮೂತ್ರ ಪರೀಕ್ಷೆ ದೃಢಪಟ್ಟರೆ ವೈದ್ಯರು ಒಪ್ಪುವವರೆಗೆ ಗಾಡಿ ಇಲ್ಲ. ಎರಡರಲ್ಲೂ ಲಿಖಿತ ವಿವರಣೆ ಕೇಳಿ, ವಿಚಾರಣೆ ನಡೆಸಿಯೇ ಶಿಸ್ತುಕ್ರಮ. ಕಾರಣವಿಲ್ಲದೆ ಪರೀಕ್ಷೆಗೆ ನಿರಾಕರಿಸಿದರೂ ಇದೇ ದಾರಿ. ಫಲಿತಾಂಶ ತಿಳಿಯುವುದು ನಿಮಗೆ, ವೈದ್ಯರಿಗೆ, ನನಗೆ ಮಾತ್ರ.

ಚಟ ಬಿಡಬೇಕೆಂದು ತಾವಾಗಿ ಬಂದವರ ಕೆಲಸ ಹೋಗುವುದಿಲ್ಲ. ಚಿಕಿತ್ಸೆಗೆ ರಜೆ ಕೊಟ್ಟು, ಅಷ್ಟು ದಿನ ಯಾರ್ಡಿನ ಕೆಲಸ ಕಾದಿರಿಸುತ್ತೇವೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಮನೆಯವರೂ ಮಾಡಬಹುದು.

ಸಂದೇಹವಿದ್ದರೆ ಸಂಜೆ 4ರಿಂದ 6ರವರೆಗೆ ನನ್ನ ಕೊಠಡಿಗೆ ಬನ್ನಿ.

ವ್ಯವಸ್ಥಾಪಕರು, ಸಿಬ್ಬಂದಿ ವಿಭಾಗ